ಪದ ಪರಿಚಯ: ಸೇತುವೆ ಲೆಕ್ಕದ ಮೇಲಿನ ‘ಅಬ್ಸರ್ವೇಶನ್’

ಸೇತುವೆ ಡಿಸೈನ್ ಮಾಡುವ ಕಚೇರಿಗಳಲ್ಲಿ ದಿನಾ ಕಿವಿಗೆ ಬೀಳುವ ಪದ ಇದು. ‘ಪ್ರೂಫ್ ಚೆಕ್‌ನಿಂದ ಹದಿನೆಂಟು ಅಬ್ಸರ್ವೇಶನ್ ಬಂದಿವೆ’ ಅಂತ ಒಬ್ಬರು ಹೇಳಿದರೆ ಸಾಕು, ಆ ಮೇಜಿನ ಸುತ್ತ ಎಲ್ಲರ ಮುಖ ಸ್ವಲ್ಪ ಗಂಭೀರವಾಗುತ್ತದೆ.

ಒಂದು ತಂಡ ಸೇತುವೆಯ ಲೆಕ್ಕ ಮಾಡಿ ಡಿಸೈನ್ ನೋಟ್ ಬರೆಯುತ್ತದೆ. ಆ ಡಿಸೈನ್‌ಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಎಂಜಿನಿಯರ್ ಅದನ್ನು ಮೊದಲಿಂದ ಓದಿ, ಮುಖ್ಯ ಅಂಕಿಗಳನ್ನು ತಾನೇ ಲೆಕ್ಕ ಹಾಕಿ ನೋಡುತ್ತಾನೆ. ಇದು ಪ್ರೂಫ್ ಚೆಕ್. ಅವನು ಬರೆದು ಕಳಿಸುವ ಒಂದೊಂದು ಮಾತೂ ಒಂದು ಅಬ್ಸರ್ವೇಶನ್. ಕನ್ನಡದಲ್ಲಿ ನೇರವಾಗಿ ಹೇಳಿದರೆ, ‘ಕಂಡದ್ದು’. ನೋಟ್‌ನಲ್ಲಿ ಏನು ಕಂಡಿತು, ಯಾವ ಪುಟದಲ್ಲಿ ಕಂಡಿತು, ಅಷ್ಟು. ಲೆಕ್ಕ ಮಾಡಿದವರು ಎಂಥವರು ಅನ್ನುವುದು ಅದರಲ್ಲಿ ಬರುವುದೇ ಇಲ್ಲ.

ಆದರೆ ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ನಮ್ಮಲ್ಲಿ ಗಾದೆಯೇ ಇದೆ ಅಲ್ವಾ. ಆ ಕೋಪಕ್ಕೆ ಹೆದರಿ ಮಾತನ್ನು ಮೆತ್ತಗೆ ಮಾಡಿದರೆ ತಪ್ಪು ನೋಟ್‌ನಲ್ಲೇ ಉಳಿಯುತ್ತದೆ. ಒರಟಾಗಿ ಬರೆದರೂ ಎಷ್ಟೋ ಸಲ ಉಳಿಯುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಮರಳಿನ ತಳದ ಒಂದು ಹೊಳೆಗೆ ಪೈಲ್, ಅಂದರೆ ನೆಲದಾಳಕ್ಕೆ ಇಳಿಸಿದ ಕಂಬಗಳ ಅಡಿಪಾಯದ ಸೇತುವೆ. ಹೈಡ್ರಾಲಜಿ ವರದಿಯ ಪ್ರಕಾರ ಪ್ರವಾಹದಲ್ಲಿ ಸೆಕೆಂಡಿಗೆ 600 ಘನ ಮೀಟರ್, ಅಂದರೆ 600 ಕ್ಯುಮೆಕ್ಸ್ ನೀರು ಬರುತ್ತದೆ. ನೀರು ಹರಿಯಲು ಸಿಗುವ ಅಗಲ 60 ಮೀಟರ್. ಅಂದರೆ ಒಂದು ಮೀಟರ್ ಅಗಲಕ್ಕೆ 10 ಘನ ಮೀಟರ್. ನೆರೆ ಬಂದಾಗ ಪಿಯರ್, ಅಂದರೆ ಸೇತುವೆಯ ನಡುಗಂಬದ ಸುತ್ತ ಮಣ್ಣು ಕೊಚ್ಚಿಹೋಗುವ ಆಳಕ್ಕೆ ಸ್ಕೌರ್ ಅನ್ನುತ್ತೇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಡಿಪಾಯದ ಕೋಡ್ ಐಆರ್‌ಸಿ:78 ಕೊಡುವ ಸೂತ್ರ ಇದು:

```
dsm = 1.34 × (Db² / Ksf)^(1/3)
```

ಇಲ್ಲಿ dsm ಅಂದರೆ ಗರಿಷ್ಠ ನೆರೆ ಮಟ್ಟದಿಂದ ಕೆಳಕ್ಕೆ ಅಳೆದ ಸರಾಸರಿ ಸ್ಕೌರ್ ಆಳ, Db ಅಂದರೆ ಮೀಟರ್ ಅಗಲಕ್ಕೆ ಬರುವ ನೀರು. Ksf ಮರಳಿನ ಕಣದ ಗಾತ್ರದಿಂದ ಬರುವ ಅಂಕಿ, ಇಲ್ಲಿ 1 ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ dsm 6.22 ಮೀಟರ್. ಪಿಯರ್‌ಗೆ ಅದರ ಎರಡರಷ್ಟು, 12.44 ಮೀಟರ್. ಗರಿಷ್ಠ ನೆರೆ ಮಟ್ಟ 100.00 ಆದರೆ ಸ್ಕೌರ್ ಮಟ್ಟ 87.56. ನೋಟ್‌ನ 7ನೇ ಪುಟದಲ್ಲಿ ಇದೇ ಇದೆ. ಗುಣಾಕಾರದಲ್ಲಿ ಒಂದು ತಪ್ಪೂ ಇಲ್ಲ.

ತಪ್ಪು ಇರುವುದು 600ರಲ್ಲಿ. ಜಲಾನಯನ ಪ್ರದೇಶ 3,000 ಚದರ ಕಿಲೋಮೀಟರ್ ಒಳಗಿದ್ದರೆ, ಅಡಿಪಾಯದ ಲೆಕ್ಕಕ್ಕೆ ನೀರಿನ ಪ್ರಮಾಣವನ್ನು 30% ಹೆಚ್ಚಿಸಿಕೊಳ್ಳಬೇಕು ಅಂತ ಐಆರ್‌ಸಿ:78-2014 ಹೇಳುತ್ತದೆ. ನಮ್ಮ ಹೊಳೆಯದು ಅಷ್ಟರೊಳಗೇ ಅಂತಿಟ್ಟುಕೊಂಡು 780 ಹಾಕಿದರೆ Db 13 ಆಗುತ್ತದೆ, dsm 7.41, ಪಿಯರ್ ಬಳಿ 14.82. ಸ್ಕೌರ್ ಮಟ್ಟ 85.18ಕ್ಕೆ ಇಳಿಯಿತು. 2.38 ಮೀಟರ್ ವ್ಯತ್ಯಾಸ. ಪೈಲ್ ಅಷ್ಟು ಜಾಸ್ತಿ ಉದ್ದ ಹಿಡಿತವಿಲ್ಲದೆ ನೀರಲ್ಲಿ ನಿಲ್ಲುತ್ತದೆ, ಮರಳಿನಿಂದ ಸಿಗುತ್ತಿದ್ದ ಘರ್ಷಣೆ ಅಷ್ಟು ಉದ್ದಕ್ಕೆ ಇಲ್ಲವಾಗುತ್ತದೆ.

ಇದನ್ನು ಹೇಗೆ ಬರೆಯಬೇಕು?

ಇಂಥದ್ದೇ ಒಂದು ತಪ್ಪು ನನಗೆ ಈ ಕೆಲಸದ ಮೊದಲ ವರ್ಷಗಳಲ್ಲಿ ಸಿಕ್ಕಿತ್ತು. ‘ಸ್ಕೌರ್ ಲೆಕ್ಕವನ್ನು ಅಜಾಗರೂಕತೆಯಿಂದ ಮಾಡಲಾಗಿದೆ, ಕೋಡ್ ಓದಿದಂತಿಲ್ಲ’ ಅಂತ ಬರೆದೆ. ತಮ್ಮ ಅನುಭವ ಎಷ್ಟು, ಎಷ್ಟು ಸೇತುವೆ ಮಾಡಿದ್ದೇವೆ ಅಂತ ಎರಡು ಪುಟದ ಉತ್ತರ ಬಂತು. ಸ್ಕೌರ್ ಮಟ್ಟ ಮಾತ್ರ ಹಾಗೇ ಇತ್ತು. ನಾನು ಜನರ ಬಗ್ಗೆ ಬರೆದಿದ್ದೆ, ಅವರೂ ಜನರ ಬಗ್ಗೆಯೇ ಉತ್ತರ ಕೊಟ್ಟರು. ಮುಂದಿನ ಸಲ ಹೆದರಿಕೊಂಡು ‘ಸ್ಕೌರ್ ಲೆಕ್ಕವನ್ನು ದಯವಿಟ್ಟು ಒಮ್ಮೆ ಪರಿಶೀಲಿಸಬಹುದು’ ಅಂತ ಬರೆದೆ. ‘ಪರಿಶೀಲಿಸಲಾಗಿದೆ, ಸರಿಯಿದೆ’ ಅಂತ ಬಂತು. ಕೇಳಿದ್ದೇ ಅಷ್ಟು, ಅವರು ಕೊಟ್ಟಿದ್ದೂ ಅಷ್ಟು.

ಈಗ ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಪುಟ 7: ಸ್ಕೌರ್ ಆಳವನ್ನು 600 ಕ್ಯುಮೆಕ್ಸ್‌ಗೆ ಲೆಕ್ಕ ಹಾಕಲಾಗಿದೆ. ಐಆರ್‌ಸಿ:78-2014ರ 703ನೇ ಕ್ಲಾಜ್ ಪ್ರಕಾರ ಇದಕ್ಕೆ 30% ಸೇರಬೇಕು. 780 ಕ್ಯುಮೆಕ್ಸ್‌ಗೆ ನಮ್ಮ ಲೆಕ್ಕದಲ್ಲಿ ಪಿಯರ್ ಬಳಿ ಸ್ಕೌರ್ ಮಟ್ಟ 85.18 ಬರುತ್ತದೆ, ನೋಟ್‌ನಲ್ಲಿ 87.56 ಇದೆ. ಸ್ಕೌರ್ ಮಟ್ಟವನ್ನೂ ಅದನ್ನು ಅವಲಂಬಿಸಿದ ಪೈಲ್ ಲೆಕ್ಕವನ್ನೂ ತಿದ್ದಿ ಕಳಿಸಿ. 30% ಬೇರೆ ಕಡೆ ಸೇರಿದ್ದರೆ ಆ ಪುಟ ತಿಳಿಸಿ. ಇದು ಇತ್ಯರ್ಥವಾಗುವ ತನಕ ಪೈಲ್ ಡ್ರಾಯಿಂಗ್‌ಗೆ ಒಪ್ಪಿಗೆ ಕೊಡಲಾಗುವುದಿಲ್ಲ.’

ಇದರಲ್ಲಿ ‘ದಯವಿಟ್ಟು’ ಇಲ್ಲ, ಆದರೂ ಯಾರ ಮನಸ್ಸಿಗೂ ನೋವಾಗುವ ಮಾತಿಲ್ಲ. ಬಿಗಿ ಇರುವುದು ಕೊನೆಯ ವಾಕ್ಯದಲ್ಲಿ. ಅಲ್ಲಿ ಮೆತ್ತಗೆ ಆಗಲೇಬಾರದು. ನೆರವು ಇರುವುದು ನಡುವಿನ 85.18ರಲ್ಲಿ. ನಾವು ಹಾಕಿದ ಅಂಕಿ ಕೊಟ್ಟರೆ, ಅವರು ಹತ್ತು ನಿಮಿಷದಲ್ಲಿ ಹಾಕಿ ನೋಡಿ ಹೌದೋ ಅಲ್ಲವೋ ಹೇಳಬಹುದು. ಸುಮ್ನೆ ‘ಸ್ಕೌರ್ ಕಡಿಮೆ ಇದೆ’ ಅಂದರೆ ಎಷ್ಟು ಕಡಿಮೆ, ಯಾಕೆ ಕಡಿಮೆ ಅಂತ ಹುಡುಕುವುದರಲ್ಲೇ ಒಂದು ಸುತ್ತು ಕಳೆಯುತ್ತದೆ.

‘ಬೇರೆ ಕಡೆ ಸೇರಿದ್ದರೆ’ ಅನ್ನುವ ವಾಕ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಕೆಲವು ಹೈಡ್ರಾಲಜಿ ವರದಿಗಳಲ್ಲಿ 30% ಸೇರಿಸಿದ ಅಂಕಿಯನ್ನೇ ಕೊಟ್ಟಿರುತ್ತಾರೆ. ಆಗ ತಪ್ಪು ನಮ್ಮದು. ಅದಕ್ಕೇ ಬರೆಯುವ ಮುಂಚೆ ಆ ವರದಿ ತೆಗೆದು ನೋಡಬೇಕು. ವರದಿ ಕೈಯಲ್ಲಿಲ್ಲದಿದ್ದರೆ ‘600ರಲ್ಲಿ 30% ಸೇರಿದೆಯೇ?’ ಅಂತ ಪ್ರಶ್ನೆಯನ್ನೇ ಕೇಳಿ, ಅದು ಪ್ರಾಮಾಣಿಕ ಪ್ರಶ್ನೆ. ವರದಿ ನೋಡಿ, ಸೇರಿಲ್ಲ ಅಂತ ಗೊತ್ತಾದ ಮೇಲೂ ಪ್ರಶ್ನೆಯ ರೂಪದಲ್ಲಿ ಬರೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಗೊತ್ತಿದ್ದನ್ನು ಗೊತ್ತಿದೆ ಅಂತಲೇ ಹೇಳಬೇಕು. ಮುಜುಗರ ಅನ್ನಿಸಿದರೆ ಅಬ್ಸರ್ವೇಶನ್ ಶೀಟ್ ಕಳಿಸುವ ಮುಂಚೆ ಒಂದು ಫೋನ್ ಮಾಡಿ: ‘ಸರ್, ಪುಟ 7ರ ಬಗ್ಗೆ ಬರೀತಾ ಇದ್ದೀನಿ, ಒಂದ್ಸಲ ನೋಡಿರಿ.’ ಫೋನ್ ಮಾಡಿದೆವು ಅಂತ ಬರೆದದ್ದನ್ನು ಮಾತ್ರ ತೆಗೆಯಬೇಡಿ.

ಇನ್ನೊಂದು ಗಮನಿಸಿ. ಪೈಲ್ ಇಷ್ಟು ಮೀಟರ್ ಉದ್ದ ಮಾಡಿ ಅಂತ ನಾನು ಬರೆದಿಲ್ಲ. ಉದ್ದ ಹೆಚ್ಚಿಸಬಹುದು, ವ್ಯಾಸ ಹೆಚ್ಚಿಸಬಹುದು, ಇನ್ನೆರಡು ಪೈಲ್ ಸೇರಿಸಬಹುದು. ದಾರಿ ಯಾವುದು ಅನ್ನುವುದು ಡಿಸೈನರ್‌ಗೆ ಬಿಟ್ಟದ್ದು. ಸ್ಲ್ಯಾಬ್‌ನಲ್ಲಿ ಅವರು 20 ಎಂಎಂ ಕಂಬಿಯನ್ನು 150ರ ಅಂತರದಲ್ಲಿ ಕೊಟ್ಟಿರುತ್ತಾರೆ, ನನಗೆ 16 ಎಂಎಂ 100ರ ಅಂತರದಲ್ಲಿ ಇಷ್ಟ. ಎರಡರಲ್ಲೂ ಉಕ್ಕು ಹೆಚ್ಚುಕಮ್ಮಿ ಒಂದೇ. ಬಿರುಕಿನ ಲೆಕ್ಕ ಕೋಡ್‌ನ ಮಿತಿಯೊಳಗಿದ್ದರೆ ಅದನ್ನು ‘ಸಲಹೆ’ ಅಂತ ಗುರುತು ಹಾಕಿ ಬರೆಯಬೇಕು, ಇಲ್ಲವೇ ಬಿಡಬೇಕು. ಇಷ್ಟಗಳನ್ನೂ ತಪ್ಪುಗಳನ್ನೂ ಒಂದೇ ದನಿಯಲ್ಲಿ ಬರೆದರೆ, ಹದಿನೆಂಟರ ನಡುವೆ ಸ್ಕೌರ್ ಎಲ್ಲೋ ಮುಳುಗಿಹೋಗುತ್ತದೆ.

ಉತ್ತರ ಬಂದ ಮೇಲೂ ಕೆಲಸ ಇದೆ. ಉತ್ತರದ ಕಾಲಂನಲ್ಲಿ ಸಾಮಾನ್ಯವಾಗಿ ‘ನೋಟೆಡ್’ ಅಥವಾ ‘ಕಂಪ್ಲೈಡ್’ ಅಂತ ಇರುತ್ತದೆ. ‘ನೋಟೆಡ್’ ಅಂದರೆ ಓದಿದ್ದೇವೆ ಅಂತ ಮಾತ್ರ, ತಿದ್ದಿದ್ದೇವೆ ಅಂತಲ್ಲ. ಹೊಸ ನೋಟ್ ತೆರೆದು ಅಂಕಿ ಬದಲಾಗಿದೆಯಾ ನೋಡಬೇಕು. ಎಷ್ಟೋ ಸಲ 7ನೇ ಪುಟ ತಿದ್ದಿರುತ್ತಾರೆ, ಮುಂದಿನ ಪುಟಗಳಿಗೆ ಅದು ಹೋಗಿರುವುದಿಲ್ಲ. ಆಗ ಎರಡನೇ ಸುತ್ತಿನ ಮಾತಿನಲ್ಲಿ ಸಿಟ್ಟು ಬೇಡ, ಉಳಿದದ್ದು ಎಷ್ಟೋ ಅಷ್ಟು ಸಾಕು: ‘ಪುಟ 7ರಲ್ಲಿ ಸ್ಕೌರ್ ಮಟ್ಟ 85.18 ಆಗಿದೆ, ಸರಿ. ಪುಟ 34ರಲ್ಲಿ ಪೈಲ್‌ನ ಹಿಡಿತವಿಲ್ಲದ ಉದ್ದವನ್ನು ಇನ್ನೂ 87.56ರಿಂದಲೇ ತೆಗೆದುಕೊಳ್ಳಲಾಗಿದೆ. ಅದನ್ನು ತಿದ್ದಿ. ಅಬ್ಸರ್ವೇಶನ್ ಬಾಕಿ ಇದೆ.’