ಓದುಗರ ಪ್ರಶ್ನೆ: ಲಗ್ನಪತ್ರಿಕೆಯ ಫೋಟೋ ಅರಬ್ಬಿಗೆ ಬರುವುದು ಹೇಗೆ?

ಪ್ರಶ್ನೆ: ನನ್ನ ಮಗ ದೋಹಾದಲ್ಲಿ ಕೆಲಸದಲ್ಲಿದ್ದಾನೆ. ಅವನ ಮದುವೆಗೆ ಅಲ್ಲಿನ ಮೇಲಧಿಕಾರಿಯನ್ನೂ ಇಬ್ಬರು ಅರಬ್ಬಿ ಸಹೋದ್ಯೋಗಿಗಳನ್ನೂ ಕರೆಯಬೇಕು. ಲಗ್ನಪತ್ರಿಕೆಯ ಫೋಟೋ ನನ್ನ ಬಳಿ ಇದೆ, ಅಕ್ಷರಗಳು ಬಹಳ ಅಲಂಕಾರದವು. ಒಂದು ಪದವೂ ಬಿಟ್ಟುಹೋಗದಂತೆ ಅರಬ್ಬಿಗೆ ತರುವುದು ಹೇಗೆ?

ಈ ಪ್ರಶ್ನೆ ಪ್ರತಿ ಮದುವೆ ಕಾಲದಲ್ಲೂ ಬರುತ್ತದೆ, ಪ್ರತಿ ಬಾರಿಯೂ ಕೊನೆಯ ಸಾಲು ಅದೇ: ‘ಒಂದು ಪದವೂ ಬಿಟ್ಟುಹೋಗದಂತೆ’. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಫೋಟೋ.

ಫೋಟೋದಿಂದ ಅಕ್ಷರ ಎತ್ತುವ ಗೋಜಿಗೆ ಹೋಗಬೇಡಿ. ಅಲಂಕಾರದ ಅಕ್ಷರಗಳಲ್ಲಿ ‘ಮುಹೂರ್ತ’ದ ಅರ್ಕಾವೊತ್ತು ಕನ್ನಡದ ೯ರಂತೆಯೇ ಕಾಣುತ್ತದೆ. ಅನುಸ್ವಾರಕ್ಕೂ ಸೊನ್ನೆಗೂ ವ್ಯತ್ಯಾಸ ಗಾತ್ರದಲ್ಲಷ್ಟೇ, ಬಳ್ಳಿ ಬಿಡಿಸಿದ ಅಕ್ಷರಗಳಲ್ಲಿ ಅದೂ ಉಳಿಯುವುದಿಲ್ಲ. ನನ್ನ ಕೈಗೆ ಬಂದ ಒಂದು ಪತ್ರಿಕೆಯಲ್ಲಿ ‘ಚಿ॥’ ಎಂಬುದರ ಎರಡು ಗೀಟುಗಳನ್ನು ಮೊಬೈಲ್ ಹನ್ನೊಂದು ಎಂದು ಓದಿ, ವರನ ಹೆಸರಿನ ಮುಂದೆ ಅರಬ್ಬಿಯಲ್ಲಿ 11 ಕೂರಿಸಿತ್ತು. ಮುದ್ರಣಾಲಯದವರಿಂದ ಪಠ್ಯದ ಕಡತವನ್ನೇ ಕೇಳಿ ಪಡೆಯಿರಿ. ಅದನ್ನು ತೆರೆದಾಗ ‘ಮದುವೆ’ ಇರಬೇಕಾದ ಜಾಗದಲ್ಲಿ `ªÀÄzÀÄªÉ` ಎಂದು ಕಂಡರೆ ಗಾಬರಿಯಾಗಬೇಡಿ. ಅದು ‘ನುಡಿ’ ತಂತ್ರಾಂಶದಂತಹವುಗಳ ಹಳೆಯ ಸಂಕೇತದ ಅಕ್ಷರ, ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಸರಿಯಾಗುತ್ತದೆ. ಕಡತ ಸಿಗದಿದ್ದರೆ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಕೈಯಾರೆ ಟೈಪ್ ಮಾಡಿ. ಒಂದು ಪುಟದ ಕೆಲಸ, ಅರ್ಧ ಗಂಟೆ ಸಾಕು.

ಈಗ ಆ ಸಾಲು. ಪದಕ್ಕೆ ಪದ ಇಟ್ಟರೆ ಮಾತ್ರ ಗೌರವ ಉಳಿಯುತ್ತದೆ ಎಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಮತ್ತೆ ತಲೆ ಎತ್ತುತ್ತದೆ. ನಿಮ್ಮ ಪತ್ರಿಕೆಯ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಗುರುಹಿರಿಯರು ನಿಶ್ಚಯಿಸಿರುವ ಶುಭಮುಹೂರ್ತದಲ್ಲಿ ನಡೆಯುವ ವಿವಾಹ ಮಹೋತ್ಸವಕ್ಕೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುತ್ತೇವೆ.’ ಇದನ್ನು ನಾವು ಯಾರೂ ಪದ ಪದ ಬಿಡಿಸಿ ಓದುವುದಿಲ್ಲ. ಇಡೀ ವಾಕ್ಯ ಸೇರಿ ‘ಬನ್ನಿ, ನೀವು ಬಂದರೆ ನಮಗೆ ಸಂತೋಷ’ ಎನ್ನುತ್ತದೆ. ಅದನ್ನೇ ಅರಬ್ಬಿಯಲ್ಲಿ ಪದಶಃ ಇಟ್ಟರೆ, ಯಾರೋ ಗುರುಗಳು ಗೊತ್ತುಮಾಡಿದ ಒಂದು ಗಳಿಗೆಯಲ್ಲಿ ಮನೆಮಂದಿಯನ್ನೂ ಪರಿಚಾರಕರನ್ನೂ ಕರೆತಂದು, ಪುರೋಹಿತನ ಸ್ಥಾನದಲ್ಲಿ ನಿಂತು ಆಶೀರ್ವಚನ ನೀಡಿ ಎಂಬ ಅರ್ಥ ಬರುತ್ತದೆ. ಓದಿದವರಿಗೆ ಆದರ ಕಾಣುವುದಿಲ್ಲ, ಗೊಂದಲ ಕಾಣುತ್ತದೆ.

ಅರಬ್ಬಿಗೆ ಆದರದ ಮಾತಿನ ಕೊರತೆಯಿಲ್ಲ. ನಮ್ಮ ಹಾಗೆಯೇ ಅವರ ಆಮಂತ್ರಣಕ್ಕೂ ತಲೆಮಾರುಗಳಿಂದ ಸವೆದು ನಯವಾದ ವಾಕ್ಯಗಳಿವೆ. ‘ಚಿ॥’ ಎಂದರೆ ಚಿರಂಜೀವಿ ಎಂದು ಬಿಡಿಸಿ, ‘ಸಾವಿಲ್ಲದವನು’ ಎಂದು ಬರೆಯಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಆ ಜಾಗಕ್ಕೆ ಅರಬ್ಬಿಯಲ್ಲಿ ‘ನಜ್ಲ್’ ಎಂಬ ಪದ ಸಿದ್ಧವಾಗಿದೆ. ಮಗ ಎಂಬುದಕ್ಕೆ ದಿನಬಳಕೆಯ ಪದ ‘ಇಬ್ನ್’. ಮರ್ಯಾದೆಯಿಂದ ‘ಸುಪುತ್ರ’ ಎನ್ನಬೇಕಾದಾಗ ‘ನಜ್ಲ್’. ಮಗಳಿಗೆ ‘ಕರೀಮ’, ಅಂದರೆ ಉದಾತ್ತಳು. ನಮ್ಮ ‘ಚಿ॥ ಸೌ॥’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಪದ ಬೇರೆ, ಸ್ಥಾನ ಒಂದೇ. ಅನುವಾದದಲ್ಲಿ ಹೊಂದಬೇಕಾದದ್ದು ಸ್ಥಾನ.

ಹೀಗೆ ನೋಡಿದರೆ ನಿಮ್ಮ ವಾಕ್ಯ ಸುಲಭ. ಉಚ್ಚಾರವನ್ನು ಕನ್ನಡದಲ್ಲಿ ಕೊಡುತ್ತೇನೆ, ಬರೆಯುವವರಿಗೆ ಓದಿ ಹೇಳಿದರೆ ಸಾಕು: ‘ಯತಶರ್ರಫು ಅಸ್ಸಯ್ಯಿದ್’ ಎಂದು ಆರಂಭಿಸಿ ನಿಮ್ಮ ಹೆಸರು, ‘ವ ಹರಮುಹು’, ಆಮೇಲೆ ‘ಬಿ ದಅವತಿಕುಮ್ ಲಿ ಹುದೂರ್ ಹಫ್ಲ್ ಜಿಫಾಫ್ ನಜ್ಲಿಹಿಮಾ’, ಕೊನೆಗೆ ವರನ ಹೆಸರು. ಶ್ರೀಯುತ ಇಂಥವರು ಮತ್ತು ಅವರ ಪತ್ನಿ ತಮ್ಮ ಸುಪುತ್ರನ ಮದುವೆಗೆ ನಿಮ್ಮನ್ನು ಆಹ್ವಾನಿಸುವ ಗೌರವ ಹೊಂದಿದ್ದಾರೆ ಎಂದರ್ಥ. ‘ನಜ್ಲಿಹಿಮಾ’ದ ಕೊನೆಯ ‘ಹಿಮಾ’ ದ್ವಿವಚನ, ‘ಅವರಿಬ್ಬರ’ ಎಂದು. ಅಲ್ಲಿ ‘ಹಿಮ್’ ಎಂದಿದ್ದರೆ ತಂದೆತಾಯಿ ಇಬ್ಬರಿದ್ದಾರೆ ಎಂಬುದನ್ನು ಅನುವಾದಿಸಿದವರು ಗಮನಿಸಿಲ್ಲ ಎಂದು ತಿಳಿಯಿರಿ. ‘ಸಕುಟುಂಬ ಸಪರಿವಾರ’ಕ್ಕೆ ‘ಅಂತುಮ್ ವ ಆಇಲತುಕುಮುಲ್ ಕರೀಮ’, ತಾವು ಮತ್ತು ತಮ್ಮ ಗೌರವಾನ್ವಿತ ಕುಟುಂಬ. ಆಶೀರ್ವಾದದ ಜಾಗಕ್ಕೆ ‘ವ ಬಿ ಹುದೂರಿಕುಮ್ ಯತಿಮ್ಮು ಲನಲ್ ಫರಹು ವಸ್ಸುರೂರ್’, ನಿಮ್ಮ ಬರವಿನಿಂದ ನಮ್ಮ ಹರ್ಷ ಪೂರ್ಣವಾಗುತ್ತದೆ. ಕೊನೆಯಲ್ಲಿ ‘ದಾಮತ್ ದಿಯಾರುಕುಮ್ ಆಮಿರತನ್ ಬಿಲ್ ಅಫ್ರಾಹ್’, ನಿಮ್ಮ ಮನೆಗಳು ಸದಾ ಸಂಭ್ರಮದಿಂದ ತುಂಬಿರಲಿ. ನಮ್ಮ ಪತ್ರಿಕೆ ಅತಿಥಿಯಿಂದ ಹಾರೈಕೆ ಬೇಡುತ್ತದೆ, ಅವರ ಪತ್ರಿಕೆ ಅತಿಥಿಗೇ ಹಾರೈಸುತ್ತದೆ. ಈ ಸಾಲನ್ನು ಬರೆಯುವಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ತಲೆಬರಹದ ದೇವರ ಸ್ಮರಣೆ ಕನ್ನಡ ಪುಟದಲ್ಲೇ ಇರಲಿ, ಅದು ನಿಮ್ಮ ಮನೆಯದು. ಅರಬ್ಬಿ ಪುಟಕ್ಕೆ ‘ಬಿ ಔನಿಲ್ಲಾಹ್’, ದೇವರ ಸಹಾಯದಿಂದ, ಎಂದು ಹಾಕಬಹುದು. ಅರಬ್ ಕ್ರೈಸ್ತರೂ ದೇವರನ್ನು ಕರೆಯುವುದು ಅಲ್ಲಾಹ್ ಎಂದೇ.

ಸಿದ್ಧ ಮಾದರಿಯನ್ನು ತಂದು ಹೆಸರು ಬದಲಿಸುವವರಿಗೆ ಒಂದು ಎಚ್ಚರಿಕೆ. ಹಲವು ಅರಬ್ಬಿ ಆಮಂತ್ರಣಗಳ ಕೆಳಗೆ ‘ಜನ್ನತುಲ್ ಅತ್ಫಾಲಿ ಮನಾಜಿಲುಹುಮ್’ ಎಂಬ ಸಾಲು ಇರುತ್ತದೆ. ಮಕ್ಕಳಿಗೆ ಅವರ ಮನೆಯೇ ಸ್ವರ್ಗ ಎಂದರ್ಥ, ಕೇಳಲು ಸುಂದರ. ಆದರೆ ಅದರ ಆಶಯ ಮಕ್ಕಳನ್ನು ಕರೆತರಬೇಡಿ ಎಂಬುದು. ಮೇಲೆ ಕುಟುಂಬ ಸಮೇತ ಕರೆದು, ಕೆಳಗೆ ಈ ಸಾಲನ್ನು ಉಳಿಸಿಕೊಂಡ ಪತ್ರಿಕೆಯೊಂದನ್ನು ಅಚ್ಚಿಗೆ ಹೋಗುವ ಮುನ್ನ ತಡೆದಿದ್ದೇನೆ.

ಅಚ್ಚಿನ ಕರಡು ಬಂದಾಗ ಅರಬ್ಬಿ ಓದಲು ಬಾರದವರೂ ನೋಡಬಹುದಾದದ್ದು ಎರಡಿದೆ. ‘ಹಫ್ಲ್’ ಎಂಬ ಪದದ ಮೂರೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಬಿಡಿಬಿಡಿಯಾಗಿ ನಿಂತಿದ್ದರೆ ಆ ವಿನ್ಯಾಸದ ತಂತ್ರಾಂಶಕ್ಕೆ ಅರಬ್ಬಿ ಜೋಡಿಸಲು ಬಂದಿಲ್ಲ, ಸಾಲುಗಳೂ ತಿರುಗುಮುರುಗಾಗಿರುವ ಸಾಧ್ಯತೆ ಹೆಚ್ಚು. ಎರಡನೆಯದು ಸಮಯ. ಕೊಲ್ಲಿಯ ಅಂಕಿಗಳಲ್ಲಿ ಸೊನ್ನೆ ಒಂದು ಚುಕ್ಕೆ, ದುಂಡಗೆ ನಮ್ಮ ಸೊನ್ನೆಯಂತೆ ಕಾಣುವುದು ಐದು. ಮುಹೂರ್ತ 10.50 ಇದ್ದರೆ ಕೊನೆಯಲ್ಲಿ ದುಂಡು ಮೊದಲು, ಚುಕ್ಕೆ ಆಮೇಲೆ ಇರಬೇಕು. ಅಂಕಿಗಳು ಅರಬ್ಬಿಯಲ್ಲೂ ಎಡದಿಂದ ಬಲಕ್ಕೇ ಸಾಗುತ್ತವೆ.

ನೀವು ಕೇಳದ ಒಂದು ಮಾತು, ಆದರೂ ಹೇಳದೆ ಬಿಡಲಾರೆ: ವಧುವಿನ ಹೆಸರು. ಕೊಲ್ಲಿಯ ಅನೇಕ ಪತ್ರಿಕೆಗಳಲ್ಲಿ ಅವಳ ಹೆಸರೇ ಇರುವುದಿಲ್ಲ. ವರನ ಹೆಸರಾದ ಮೇಲೆ ‘ಅಲಾ ಕರೀಮತಿ ಅಸ್ಸಯ್ಯಿದ್’ ಎಂದು ಬರೆದು ಅವಳ ತಂದೆಯ ಹೆಸರು ಹಾಕುತ್ತಾರೆ, ಇಂಥವರ ಸುಪುತ್ರಿಯೊಂದಿಗೆ ಎಂದು. ಅದು ಅವರ ಸಂಪ್ರದಾಯ, ಅವರಲ್ಲಿ ಅದು ಮರ್ಯಾದೆ. ಆದರೆ ನಿಮ್ಮ ಕನ್ನಡ ಪುಟದಲ್ಲಿ ಆ ಹುಡುಗಿಯ ಹೆಸರು ವರನಷ್ಟೇ ದೊಡ್ಡ ಅಕ್ಷರದಲ್ಲಿದೆ. ಹೆಸರಿದ್ದರೆ ಅರಬ್ ಅತಿಥಿ ಬೇಸರಿಸುವುದಿಲ್ಲ. ‘ಅಲಾ’ ಆದ ಮೇಲೆ ‘ಅಲ್ ಆನಿಸ’ ಎಂದು ಸೇರಿಸಿ ಅವಳ ಹೆಸರು ಬರೆಯಿಸಿ, ಆಮೇಲೆ ‘ಕರೀಮತಿ ಅಸ್ಸಯ್ಯಿದ್’ ಬರಲಿ. ಹೆಸರುಗಳನ್ನು ಮಾತ್ರ ಉಚ್ಚಾರದಂತೆ ಬರೆಯಿಸಿ, ಅರ್ಥ ಮಾಡಿಸಬೇಡಿ. ದೀಪಾ ಎಂಬವಳು ಅರಬ್ಬಿ ಪುಟದಲ್ಲಿ ಹಣತೆ ಎಂಬ ಪದವಾಗಿಬಿಟ್ಟರೆ ಅತಿಥಿಗೆ ವಧು ಯಾರೆಂದೇ ತಿಳಿಯುವುದಿಲ್ಲ. ಅರಬ್ಬಿಯಲ್ಲಿ ಪ ಅಕ್ಷರವಿಲ್ಲದ್ದರಿಂದ ‘ದೀಬಾ’ ಎಂದು ಕಾಣುತ್ತದೆ, ಅದು ತಪ್ಪಲ್ಲ. ಪಕ್ಕದಲ್ಲಿ ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲೂ ಹೆಸರು ಹಾಕಿಸಿದರೆ ನಿಮ್ಮ ಮಗನ ಮೇಲಧಿಕಾರಿ ಅವಳನ್ನು ಸರಿಯಾದ ಹೆಸರಿನಿಂದಲೇ ಮಾತನಾಡಿಸುತ್ತಾರೆ.