ಚಿತ್ರದಲ್ಲಿರುವ ಕರೆಂಟ್ ಸೈನ್ ಅಲ್ಲ, ಆರ್‌ಎಂಎಸ್ ಹೇಗೆ ತೆಗೆಯೋದು?

ಸಿಂಧನೂರಿನಿಂದ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ಸರ್, ಚಿತ್ರದಲ್ಲಿ ಒಂದು ಕರೆಂಟ್ ವೇವ್‌ಫಾರ್ಮ್ ಕೊಟ್ಟು ಆರ್‌ಎಂಎಸ್ ವ್ಯಾಲ್ಯೂ ಕೇಳಿದ್ದಾರೆ. ಅದು ಸೈನ್ ವೇವ್ ಅಲ್ಲ. ನನಗೆ 4.84 ಆಂಪ್ ಬಂತು, ನನ್ನ ಗೆಳತಿಗೆ 6.67 ಬಂತು. ಪುಸ್ತಕದ ಹಿಂದೆ 5 ಆಂಪ್ ಅಂತ ಉತ್ತರ ಇದೆ. ನಾವಿಬ್ಬರೂ ಎಲ್ಲಿ ತಪ್ಪಿದ್ದೀವಿ?"

ಪುಸ್ತಕದ ಉತ್ತರ ಸರಿಯಾಗಿದೆ. ನೀವಿಬ್ಬರೂ ದಾರಿ ತಪ್ಪಿಲ್ಲ, ಒಂದೊಂದು ಕಡೆ ಎಡವಿದ್ದೀರಿ, ಅಷ್ಟೇ. ಎಲ್ಲಿ ಅಂತ ನೋಡೋಣ.

ಚಿತ್ರ ಕಳಿಸಿದ್ದು ಒಳ್ಳೆಯದಾಯಿತು. ಉಳಿದ ಓದುಗರಿಗಾಗಿ ಅದನ್ನು ಮಾತಿನಲ್ಲಿ ಹೇಳ್ತೀನಿ, ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಬರೆದುಕೊಳ್ಳಿ. ಸೊನ್ನೆ ಸಮಯದಲ್ಲಿ ಕರೆಂಟ್ ಸೊನ್ನೆ. ಅಲ್ಲಿಂದ ನೇರ ಗೆರೆಯಲ್ಲಿ ಏರಿ 3ನೇ ಮಿಲಿಸೆಕೆಂಡಿಗೆ 10 ಆಂಪ್ ಮುಟ್ಟುತ್ತದೆ. 3ರಿಂದ 5ರವರೆಗೆ 10 ಆಂಪ್‌ನಲ್ಲೇ ಮಟ್ಟಸವಾಗಿ ನಿಲ್ಲುತ್ತದೆ. 5ಕ್ಕೆ ದಿಢೀರನೆ ಕೆಳಗಿಳಿದು ಮೈನಸ್ 5 ಆಂಪ್ ಆಗುತ್ತದೆ, 9ರವರೆಗೆ ಅಲ್ಲೇ ಇರುತ್ತದೆ. 9ರಿಂದ 16ರವರೆಗೆ ಏನೂ ಇಲ್ಲ, ಸೊನ್ನೆ. 16ಕ್ಕೆ ಮತ್ತೆ ಅದೇ ಏರುಗೆರೆ ಶುರು.

ಮೊದಲು ಒಂದು ಮಾತು. ಪೀಕ್ ಅನ್ನು 0.707ರಿಂದ ಗುಣಿಸೋ ಅಭ್ಯಾಸವನ್ನು ಇಲ್ಲಿ ಪೂರ್ತಿ ಬಿಡಬೇಕು. ಅದು ಸೈನ್ ಅಲೆಗೆ ಮಾತ್ರ ಹೊಂದುವ ಲೆಕ್ಕ. ಈ ಚಿತ್ರಕ್ಕೆ ಹಾಕಿದರೆ 7.07 ಬರುತ್ತದೆ. ಆ ಸಂಖ್ಯೆಗೂ ಈ ಚಿತ್ರಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಆರ್‌ಎಂಎಸ್ ಅಂದರೆ ಏನು ಕೇಳ್ತಿದ್ದಾರೆ? ಈ ಕರೆಂಟನ್ನು ಒಂದು ಓಮ್‌ನ ರೆಸಿಸ್ಟರ್ ಮೂಲಕ ಹರಿಸಿ. ಅದು ಬಿಸಿಯಾಗುತ್ತದೆ. ಅಷ್ಟೇ ಬಿಸಿಯಾಗಬೇಕಾದರೆ ಬ್ಯಾಟರಿಯಿಂದ ಒಂದೇ ಸಮನೆ ಎಷ್ಟು ಆಂಪ್ ಹರಿಸಬೇಕು? ಆ ಆಂಪ್ ಸಂಖ್ಯೆಯೇ ಆರ್‌ಎಂಎಸ್. ರೆಸಿಸ್ಟರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 5 ಆಂಪ್‌ಗೆ 25 ವ್ಯಾಟ್, 10 ಆಂಪ್‌ಗೆ 100 ವ್ಯಾಟ್. ಕರೆಂಟ್ ಯಾವ ಕಡೆಗೆ ಹರಿದರೂ ರೆಸಿಸ್ಟರಿಗೆ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಮೊದಲು ವರ್ಗ, ಆಮೇಲೆ ಒಂದು ಪೂರ್ತಿ ಸುತ್ತಿನ ಸರಾಸರಿ, ಕೊನೆಗೆ ವರ್ಗಮೂಲ. ಈ ಕ್ರಮ ಅದಲು ಬದಲಾದರೆ ಉತ್ತರ ಹಾಳು. ಸೂತ್ರವಾಗಿ ಬರೆದರೆ ಹೀಗೆ:

```
I_rms = √( (1/T) ∫ i² dt )     0 ರಿಂದ T ವರೆಗೆ
```

ಇಂಟಿಗ್ರಲ್ ಚಿಹ್ನೆ ನೋಡಿ ಹೆದರಬೇಡಿ. ಕರೆಂಟಿನ ವರ್ಗದ ಗ್ರಾಫ್ ಬರೆದರೆ ಅದರ ಕೆಳಗಿನ ಜಾಗ ಎಷ್ಟು ಅನ್ನೋದೇ ಅದರ ಅರ್ಥ. ನಮ್ಮ ಚಿತ್ರದಲ್ಲಿ ನಾಲ್ಕು ತುಂಡುಗಳಿವೆ. ಒಂದೊಂದರ ಜಾಗ ತೆಗೆದು ಕೂಡಿಸಿದರೆ ಸಾಕು.

ಸುಲಭದ ತುಂಡುಗಳನ್ನು ಮೊದಲು ಮುಗಿಸಿಬಿಡೋಣ. ಮಟ್ಟಸವಾದ 10 ಆಂಪ್‌ನ ವರ್ಗ 100, ಅದು 2 ಮಿಲಿಸೆಕೆಂಡ್ ಇದೆ, ಹಾಗಾಗಿ 200. ಮೈನಸ್ 5ರ ವರ್ಗ 25, ಅದು 4 ಮಿಲಿಸೆಕೆಂಡ್ ಇದೆ, ಹಾಗಾಗಿ 100. ವರ್ಗ ಮಾಡಿದ ಕೂಡಲೇ ಮೈನಸ್ ಹೋಯಿತು, ಈ 100 ಅನ್ನು ಕೂಡಬೇಕು. ಕೆಳಗಿನ ಭಾಗ ಅಂತ ಕಳೆಯುವವರು ತುಂಬಾ ಜನ ಇದ್ದಾರೆ, ಅವರಿಗೆ ಉತ್ತರ 3.54 ಬರುತ್ತದೆ. ಕೊನೆಯ ಸೊನ್ನೆ ತುಂಡಿನ ಜಾಗ ಸೊನ್ನೆ.

ಈಗ ಏರುಗೆರೆ. ನೀವು ಎಡವಿದ್ದು ಇಲ್ಲೇ. ಸೊನ್ನೆಯಿಂದ 10ಕ್ಕೆ ಏರುವ ಗೆರೆಯ ಸರಾಸರಿ 5, ಅದರ ವರ್ಗ 25, 3 ಮಿಲಿಸೆಕೆಂಡಿಗೆ 75 ಅಂತ ತೆಗೆದುಕೊಂಡಿದ್ದೀರಿ. ಅಂದರೆ ಸರಾಸರಿ ಮೊದಲು ಮಾಡಿ, ವರ್ಗ ಆಮೇಲೆ ಮಾಡಿದಿರಿ.

ಆ ಗೆರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಂದೂವರೆ ಮಿಲಿಸೆಕೆಂಡ್, ಅಂದರೆ ಅರ್ಧ ದಾರಿಯಲ್ಲಿ ಕರೆಂಟ್ 5 ಆಂಪ್. ಆದರೆ ಅದರ ವರ್ಗ 25, ತುದಿಯಲ್ಲಿ ಇರುವ 100ರಲ್ಲಿ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಏರಿಕೆ ಎರಡನೇ ಅರ್ಧದಲ್ಲಿ ಆಗುತ್ತದೆ. ಹಾಗಾಗಿ ವರ್ಗದ ಗ್ರಾಫ್ ನೇರ ಗೆರೆ ಅಲ್ಲ. ಮೊದಲು ನೆಲಕ್ಕೆ ಅಂಟಿಕೊಂಡು ಹೋಗಿ, ಕೊನೆಯಲ್ಲಿ ಜೋರಾಗಿ ಮೇಲೇಳುವ ಬಾಗಿದ ಗೆರೆ, ಪ್ಯಾರಾಬೋಲಾ. ಅದರ ಕೆಳಗಿನ ಜಾಗ, ಸುತ್ತ ಬರೆದ ಆಯತದ ಸರಿಯಾಗಿ ಮೂರನೇ ಒಂದು ಭಾಗ. ಆಯತ ಅಂದರೆ 100 ಗುಣಿಸು 3, 300. ಅದರ ಮೂರನೇ ಒಂದು ಭಾಗ 100. ನೀವು ತೆಗೆದುಕೊಂಡದ್ದು 75, ಅಂದರೆ ಆಯತದ ಕಾಲು ಭಾಗ. ಕೆಲವರು ಇದನ್ನೂ ತ್ರಿಕೋನ ಅಂದುಕೊಂಡು ಅರ್ಧ ಮಾಡಿ 150 ಬರೆಯುತ್ತಾರೆ, ಅದೂ ತಪ್ಪು.

ನಂಬಿಕೆ ಬರದಿದ್ದರೆ ಇಂಟಿಗ್ರೇಷನ್ ಮಾಡಿಯೇ ನೋಡಿ. ಸಮಯವನ್ನು ಮಿಲಿಸೆಕೆಂಡಿನಲ್ಲೇ ಇಟ್ಟುಕೊಳ್ಳಿ:

```
i  = (10/3) t
i² = (100/9) t²
∫ i² dt (0 ರಿಂದ 3) = (100/9) × (27/3) = 100
```

ಇನ್ನು ಕೂಡಿಸೋದು. 100, 200, 100, ಸೊನ್ನೆ. ಒಟ್ಟು 400. ಒಂದು ಸುತ್ತು 16 ಮಿಲಿಸೆಕೆಂಡ್. 400 ಭಾಗಿಸು 16 ಅಂದರೆ 25. ವರ್ಗಮೂಲ 5 ಆಂಪ್. ಮೇಲೂ ಕೆಳಗೂ ಮಿಲಿಸೆಕೆಂಡ್ ಇದ್ದದ್ದರಿಂದ ಅದನ್ನು ಸೆಕೆಂಡಿಗೆ ಬದಲಾಯಿಸುವ ಗೋಜೇ ಬೇಕಿಲ್ಲ.

ನಿಮ್ಮ ಗೆಳತಿ ನಾಲ್ಕೂ ತುಂಡುಗಳನ್ನು ಸರಿಯಾಗಿಯೇ ಮಾಡಿದ್ದಾರೆ, 400 ಬಂದಿದೆ. ಆದರೆ 9ರಿಂದ ಭಾಗಿಸಿದ್ದಾರೆ. ಕರೆಂಟ್ 9ಕ್ಕೇ ನಿಂತಿತು, ಆಮೇಲೆ ಏನೂ ಇಲ್ಲವಲ್ಲ ಅಂತ ಅನ್ನಿಸಿರಬೇಕು. ಆ ಏಳು ಮಿಲಿಸೆಕೆಂಡ್ ಬಿಸಿ ಹುಟ್ಟಲ್ಲ ನಿಜ, ಆದರೆ ಆ ಸಮಯವೂ ಸುತ್ತಿನ ಒಳಗೇ ಇದೆ. ಅದೇ ಆಕಾರ ಮತ್ತೆ ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ಒಂದು ಸುತ್ತು. ಪ್ರಶ್ನೆ ಪತ್ರಿಕೆಯಲ್ಲಿ ಈ ಖಾಲಿ ಜಾಗವನ್ನು ಬೇಕಂತಲೇ ಇಡುತ್ತಾರೆ ಅನ್ನೋದು ನನ್ನ ಅನುಮಾನ. ಪೆನ್ನು ಎತ್ತುವ ಮೊದಲು ಪೀರಿಯಡ್ ಗುರುತು ಹಾಕಿಕೊಂಡರೆ ಈ ತಾಪತ್ರಯ ಇರಲ್ಲ.

ಉತ್ತರ ಬಂದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಆರ್‌ಎಂಎಸ್ ಯಾವತ್ತೂ ಪೀಕ್‌ಗಿಂತ ಜಾಸ್ತಿ ಆಗಲ್ಲ. ಮೈನಸ್ ಭಾಗವನ್ನು ಮೇಲಕ್ಕೆ ಮಡಚಿ ತೆಗೆದ ಸರಾಸರಿಗಿಂತ ಕಮ್ಮಿಯೂ ಆಗಲ್ಲ. ಇಲ್ಲಿ ಆ ಸರಾಸರಿ 15, 20, 20 ಕೂಡಿಸಿ 55, ಅದನ್ನು 16ರಿಂದ ಭಾಗಿಸಿದರೆ 3.44. ಉತ್ತರ 3.44ಕ್ಕೂ 10ಕ್ಕೂ ನಡುವೆ ಇರಲೇಬೇಕು. ಆದರೆ ಈ ಪರೀಕ್ಷೆ ಎಲ್ಲ ತಪ್ಪನ್ನೂ ಹಿಡಿಯಲ್ಲ. ಮೈನಸ್ ಕಳೆದವರ 3.54 ಕೂದಲೆಳೆಯಲ್ಲಿ ಪಾಸಾಗಿಬಿಡುತ್ತದೆ ನೋಡಿ.

ಏರುಗೆರೆ ಸೊನ್ನೆಯಿಂದ ಶುರುವಾಗದೇ ಇದ್ದರೆ? 4ರಿಂದ 10ಕ್ಕೆ ಏರಿದರೆ? ಆಗ ಬರೀ ಮೂರನೇ ಒಂದು ಭಾಗ ಅನ್ನೋ ಲೆಕ್ಕ ನಡೆಯಲ್ಲ. ಎರಡು ತುದಿಗಳ ಬೆಲೆ a, b ಆದರೆ ಆ ತುಂಡಿನ ವರ್ಗದ ಸರಾಸರಿ ಹೀಗೆ:

```
(a² + ab + b²) / 3
```

4 ಮತ್ತು 10ಕ್ಕೆ ಹಾಕಿದರೆ 16, 40, 100 ಕೂಡಿಸಿ ಮೂರರಿಂದ ಭಾಗಿಸಿ 52. ಇದನ್ನು ಆ ತುಂಡಿನ ಸಮಯದಿಂದ ಗುಣಿಸಿದರೆ ಜಾಗ ಸಿಕ್ಕಿತು. ಗೆರೆ ಮೈನಸ್‌ನಿಂದ ಪ್ಲಸ್‌ಗೆ ದಾಟಿದರೂ ಚಿಹ್ನೆ ಸಮೇತ ಹಾಕಿದರೆ ಇದೇ ಸೂತ್ರ ಸಾಕು. ನೇರ ಗೆರೆಗಳಿಂದ ಆದ ಯಾವ ಚಿತ್ರ ಕೊಟ್ಟರೂ ಈ ಒಂದು ಸಾಲಿನಿಂದ ಕೆಲಸ ಮುಗಿಯುತ್ತದೆ. ಬಾಯಿಪಾಠ ಮಾಡಬೇಕಾದ ಸೂತ್ರ ಅಂದರೆ ನನ್ನ ಲೆಕ್ಕದಲ್ಲಿ ಇದೊಂದೇ.

"ಇಂಥ ವಿಚಿತ್ರ ಕರೆಂಟ್ ನಿಜವಾಗಿ ಎಲ್ಲಿರುತ್ತೆ ಸರ್?" ಅಂತ ಕೆಳಗೆ ಒಂದು ಸಾಲು ಬರೆದಿದ್ದೀರಿ. ದೂರ ಹೋಗಬೇಕಿಲ್ಲ, ಬಳ್ಳಾರಿಯ ಜೀನ್ಸ್ ಹೊಲಿಯೋ ಘಟಕಗಳಿಗೆ ಬನ್ನಿ. ಹಳೆಯ ಕ್ಲಚ್ ಮೋಟಾರಿನ ಬದಲು ಈಗ ಹೊಲಿಗೆ ಮಷಿನ್‌ಗಳಿಗೆ ಸರ್ವೋ ಮೋಟಾರ್ ಹಾಕುತ್ತಾರೆ. ಅದರ ಡಬ್ಬಿಯ ಒಳಗೆ ರೆಕ್ಟಿಫೈಯರ್ ಮತ್ತು ಒಂದು ಕೆಪಾಸಿಟರ್ ಇರುತ್ತದೆ. ವೋಲ್ಟೇಜ್ ತುದಿ ಮುಟ್ಟುವ ಹೊತ್ತಿಗೆ ಮಾತ್ರ ಕೆಪಾಸಿಟರ್ ಕರೆಂಟ್ ಎಳೆದುಕೊಳ್ಳುತ್ತದೆ, ಉಳಿದ ಹೊತ್ತು ಸುಮ್ನೆ ಇರುತ್ತದೆ. ಹಾಗಾಗಿ ವೈರಿನಲ್ಲಿ ಹರಿಯೋದು ಸೈನ್ ಅಲ್ಲ, ನಡುನಡುವೆ ಖಾಲಿ ಇರುವ ಚೂಪು ಚೂಪು ಪಲ್ಸ್‌ಗಳು.

ಲೆಕ್ಕಕ್ಕೆ ಸುಲಭವಾಗಲಿ ಅಂತ ಆ ಪಲ್ಸ್ ಅನ್ನು ಆಯತ ಅಂದುಕೊಳ್ಳೋಣ. ಒಂದು ಲೈನಿನಲ್ಲಿ ಹಲವು ಮಷಿನ್‌ಗಳು ಸೇರಿ, 10 ಮಿಲಿಸೆಕೆಂಡಿನ ಪ್ರತಿ ಅರ್ಧ ಸೈಕಲ್‌ನಲ್ಲಿ ಎರಡೂವರೆ ಮಿಲಿಸೆಕೆಂಡ್ ಕಾಲ 20 ಆಂಪ್ ಎಳೆಯುತ್ತವೆ ಅಂತಿಟ್ಟುಕೊಳ್ಳಿ. ಮುಂದಿನ ಅರ್ಧದಲ್ಲಿ ಅದೇ ಪಲ್ಸ್ ಮೈನಸ್ ಕಡೆಗೆ. ವರ್ಗ ಮಾಡಿದರೆ ಎರಡೂ ಒಂದೇ, ಹಾಗಾಗಿ ಅರ್ಧ ಸೈಕಲ್ ನೋಡಿದರೆ ಸಾಕು. 400 ಗುಣಿಸು 2.5 ಅಂದರೆ 1000, ಭಾಗಿಸು 10 ಅಂದರೆ 100, ವರ್ಗಮೂಲ 10 ಆಂಪ್.

ಈಗ ಅಗ್ಗದ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ. ಅದು ವರ್ಗ ಗಿರ್ಗ ಏನೂ ಮಾಡಲ್ಲ. ಕರೆಂಟನ್ನು ಮೇಲಕ್ಕೆ ಮಡಚಿ ಸರಾಸರಿ ತೆಗೆಯುತ್ತದೆ, ಆಮೇಲೆ 1.11ರಿಂದ ಗುಣಿಸಿ ತೋರಿಸುತ್ತದೆ. ಸೈನ್ ಅಲೆಗೆ ಆ 1.11 ಸರಿಯಾಗಿ ಹೊಂದುತ್ತದೆ. ನಮ್ಮ ಪಲ್ಸ್‌ಗೆ ಸರಾಸರಿ 5 ಆಂಪ್, ಮೀಟರ್ ತೋರಿಸೋದು 5.55. ನಿಜವಾದದ್ದು 10. ಹೆಚ್ಚುಕಮ್ಮಿ ಅರ್ಧ!

ಆಮೇಲೆ ಶುರುವಾಗುತ್ತದೆ ಪಜೀತಿ. ಮೀಟರ್ ಐದೂವರೆ ತೋರಿಸ್ತಿದೆ, 6 ಆಂಪ್‌ನ ಎಂಸಿಬಿ ಮಾತ್ರ ಸ್ವಲ್ಪ ಹೊತ್ತಿಗೇ ಟ್ರಿಪ್ ಆಗುತ್ತದೆ. ಎಂಸಿಬಿಯೇ ಕೆಟ್ಟಿದೆ ಅಂತ ಬದಲಾಯಿಸಿದರೆ ಹೊಸದೂ ಟ್ರಿಪ್ ಆಗುತ್ತದೆ. ಎಂಸಿಬಿಯ ತಪ್ಪೇನಿಲ್ಲ. ಅದರೊಳಗಿನ ಬೈಮೆಟಲ್ ಪಟ್ಟಿ ಬಾಗೋದು ಬಿಸಿಗೆ, ಬಿಸಿ ಲೆಕ್ಕ ಹಾಕೋದು 10 ಆಂಪ್‌ಗೆ. ವೈರಿನ ರೆಸಿಸ್ಟೆನ್ಸ್ 0.2 ಓಮ್ ಇದ್ದರೆ ಮೀಟರ್ ನಂಬಿದವರ ಪ್ರಕಾರ ಅದರಲ್ಲಿ ಸುಮಾರು 6 ವ್ಯಾಟ್ ಹೋಗಬೇಕು, ನಿಜಕ್ಕೂ ಹೋಗುತ್ತಿರೋದು 20 ವ್ಯಾಟ್. ಇದು ತಿಳಿಯದೆ ಅದೇ ಸಣ್ಣ ವೈರಿಗೆ 16 ಆಂಪ್‌ನ ಎಂಸಿಬಿ ಹಾಕಿಬಿಟ್ಟರೆ ಎಂಸಿಬಿ ಸುಮ್ಮನಾಗುತ್ತದೆ, ವೈರ್ ಬಿಸಿಯಾಗುತ್ತಾ ಹೋಗುತ್ತದೆ.

ಇಂಥ ಕಡೆ ಮುಖದ ಮೇಲೆ TRUE RMS ಅಂತ ಬರೆದಿರುವ ಮೀಟರೇ ಬೇಕು. ಅದು ನೀವು ಹಾಳೆಯ ಮೇಲೆ ಮಾಡಿದ ಕೆಲಸವನ್ನೇ ಒಳಗೆ ಮಾಡುತ್ತದೆ. ಅದಕ್ಕೂ ಎರಡು ಮಿತಿಗಳಿವೆ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಟ್ರಾನ್ಸ್‌ಫಾರ್ಮರ್ ಥರ ಕೆಲಸ ಮಾಡುತ್ತದೆ, ಡಿಸಿ ಅದಕ್ಕೆ ಕಾಣಲ್ಲ. ನಿಮ್ಮ ಪುಸ್ತಕದ ಕರೆಂಟಿನಲ್ಲಿ ಮೇಲಿನ ಭಾಗ 35, ಕೆಳಗಿನದು 20, ಹಾಗಾಗಿ 15 ಭಾಗಿಸು 16, ಸುಮಾರು 0.94 ಆಂಪ್ ಡಿಸಿ ಅಡಗಿದೆ. ಅದನ್ನು ಬಿಟ್ಟು ಆ ಮೀಟರ್ ತೋರಿಸೋದು 25ರಿಂದ 0.88 ಕಳೆದು ವರ್ಗಮೂಲ ತೆಗೆದ 4.91. ಇನ್ನೊಂದು ಮಿತಿ, ಪೀಕ್ ಆರ್‌ಎಂಎಸ್‌ನ ಎಷ್ಟು ಪಟ್ಟು ಇರಬಹುದು ಅನ್ನೋದು. ಮೀಟರಿನ ಪುಸ್ತಕದಲ್ಲಿ ಇದನ್ನು ಕ್ರೆಸ್ಟ್ ಫ್ಯಾಕ್ಟರ್ ಅಂತ ಕೊಟ್ಟಿರುತ್ತಾರೆ. ನಮ್ಮ ಹೊಲಿಗೆ ಮಷಿನ್ ಲೈನಿಗೆ ಅದು 20 ಭಾಗಿಸು 10, ಅಂದರೆ 2. ಪುಸ್ತಕದಲ್ಲಿ 3 ಅಂತಿದ್ದರೆ ಆ ಮೀಟರ್ ಧಾರಾಳವಾಗಿ ನಡೆಯುತ್ತದೆ.