ಲ್ಯಾಪ್‌ಟಾಪ್‌ನಲ್ಲಿ ಒಂದು ವೈಫೈ ಹೆಸರೂ ಕಾಣ್ತಿಲ್ಲ, ಫಾರ್ಮ್ಯಾಟ್ ಮಾಡಿಸ್ಲಾ?

ಪ್ರಶ್ನೆ: ಸರ್, ಮನೆಯಲ್ಲಿ ಎಲ್ಲರ ಫೋನಿಗೂ ವೈಫೈ ಬರ್ತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಿನ್ನೆಯಿಂದ ಒಂದು ಹೆಸರೂ ಕಾಣ್ತಿಲ್ಲ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದ್ರೆ ಅದೂ ಕಾಣಲ್ಲ. ಅಂಗಡಿಯಲ್ಲಿ ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಹೊಡೀಬೇಕು ಅಂದ್ರು. ಹೊಡೆಸ್ಲಾ?

ಉತ್ತರ: ಬೇಡ. ದಯವಿಟ್ಟು ಬೇಡ.

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಈ ಪ್ರಶ್ನೆಗೆ ತಿಂಗಳಿಗೆ ನಾಲ್ಕೈದು ಸಲವಾದರೂ ಉತ್ತರ ಹೇಳಿರುತ್ತೇನೆ. ಪ್ರತಿ ಸಲ ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ರೂಟರ್ ಕೆಟ್ಟಿದ್ದರೆ ನಿಮ್ಮ ಮನೆಯ ಹೆಸರೊಂದೇ ಮಾಯವಾಗಬೇಕಿತ್ತು, ಪಕ್ಕದ ಮನೆಯದ್ದಾದರೂ ಕಾಣಬೇಕಿತ್ತು. ಸಿಗ್ನಲ್ ಸಾಲದಿದ್ದರೆ ಒಂದು ಕಡ್ಡಿಯಾದರೂ ತೋರಿಸುತ್ತಿತ್ತು. ಪಾಸ್‌ವರ್ಡ್ ತಪ್ಪಿದ್ದರೆ ಹೆಸರು ಕಂಡು, ಆಮೇಲೆ ತಕರಾರು ಬರುತ್ತಿತ್ತು. ಪಕ್ಕದಲ್ಲೇ ಇಟ್ಟ ಫೋನಿನ ಹಾಟ್‌ಸ್ಪಾಟ್ ಕೂಡ ಕಾಣುತ್ತಿಲ್ಲ ಎಂದರೆ ಲ್ಯಾಪ್‌ಟಾಪ್‌ನೊಳಗೆ ವೈಫೈ ಸಿಗ್ನಲ್ ಹಿಡಿಯುವ ರೇಡಿಯೋ ಕೇಳಿಸಿಕೊಳ್ಳುವುದನ್ನೇ ನಿಲ್ಲಿಸಿದೆ. ಯಾರೋ ಅದನ್ನು ಆಫ್ ಮಾಡಿದ್ದಾರೆ, ಬಹುತೇಕ ಗೊತ್ತಿಲ್ಲದೆ ನೀವೇ.

ತೋಟದ ಪೈಪ್‌ಲೈನ್ ನೆನಪಿಸಿಕೊಳ್ಳಿ. ಮೋಟಾರಿನಿಂದ ಗಿಡದ ಬುಡದವರೆಗೆ ಸಾಲಾಗಿ ಮೂರು ಗೇಟ್‌ವಾಲ್ವ್ ಇವೆ. ಮೂರರಲ್ಲಿ ಯಾವುದೊಂದು ಮುಚ್ಚಿದರೂ ನೀರಿಲ್ಲ, ಮಿಕ್ಕ ಎರಡು ಎಷ್ಟು ತೆರೆದಿದ್ದರೂ ಅಷ್ಟೇ. ಲ್ಯಾಪ್‌ಟಾಪ್‌ನ ವೈಫೈಗೂ ಇಂಥ ಮೂರು ವಾಲ್ವ್. ಒಂದು, ಏರ್‌ಪ್ಲೇನ್ ಮೋಡ್: ವಿಂಡೋಸ್ ತನ್ನ ಕೈಯಿಂದಲೇ ರೇಡಿಯೋಗಳನ್ನೆಲ್ಲ ಮಲಗಿಸುವುದು. ಎರಡು, ಅಡಾಪ್ಟರ್, ಅಂದರೆ ವೈಫೈ ಕಾರ್ಡ್, ಡಿಸೇಬಲ್ ಆಗಿರುವುದು: ಕಾರ್ಡ್ ಇದೆ, ಆದರೆ ಅದನ್ನು ಬಳಸಬೇಡ ಎಂದು ವಿಂಡೋಸ್‌ಗೆ ಹೇಳಿಟ್ಟಿದೆ. ಮೂರು, ಹಾರ್ಡ್‌ವೇರ್ ಸ್ವಿಚ್: ವಿಂಡೋಸ್‌ನ ಕೈಗೆ ಸಿಗದ ವಾಲ್ವ್.

ಈ ಮೂರನ್ನೂ ನೋಡದೆ ಫಾರ್ಮ್ಯಾಟ್ ಹೊಡೆಸುವುದು ವಾಲ್ವ್ ತಿರುಗಿಸದೆ ಇನ್ನೊಂದು ಬೋರ್‌ವೆಲ್ ಕೊರೆಸಿದ ಹಾಗೆ. ಆದರೂ ಈ ನಂಬಿಕೆ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಅಂದರೆ, ಕೆಲವೊಮ್ಮೆ ಫಾರ್ಮ್ಯಾಟ್ ಆದ ಮೇಲೆ ವೈಫೈ ನಿಜಕ್ಕೂ ಬರುತ್ತದೆ! ಅದಕ್ಕೆ ಕಾರಣ ಸುಲಭ. ಏರ್‌ಪ್ಲೇನ್ ಮೋಡ್ ಆನ್ ಆಗಿದೆ, ಅಡಾಪ್ಟರ್ ಡಿಸೇಬಲ್ ಆಗಿದೆ ಎಂಬ ಎರಡೂ ಮಾತನ್ನು ವಿಂಡೋಸ್ ಡಿಸ್ಕಿನಲ್ಲೇ ಬರೆದಿಟ್ಟುಕೊಂಡಿರುತ್ತದೆ. ರೀಸ್ಟಾರ್ಟ್ ಮಾಡಿದರೂ ಅದು ಅಳಿಯದಿರುವುದು ಅದಕ್ಕೇ. ಫಾರ್ಮ್ಯಾಟ್ ಮಾಡಿದಾಗ ಆ ಬರಹ ಅಳಿಸಿ ಹೋಗುತ್ತದೆ, ಅದರ ಜೊತೆಗೆ ನಿಮ್ಮ ಫೋಟೋ, ಟ್ಯಾಲಿ ಲೆಕ್ಕ, ಡೆಸ್ಕ್‌ಟಾಪ್ ಮೇಲಿನ ಕಡತ ಕೂಡ. ಒಂದು ಕ್ಲಿಕ್ಕಿನಲ್ಲಿ ಅಳಿಸಬಹುದಾಗಿದ್ದ ಒಂದು ಸಾಲಿಗಾಗಿ ಇಷ್ಟೆಲ್ಲ ಹೋಯಿತು.

ಮೂರನೇ ವಾಲ್ವ್‌ಗಂತೂ ಫಾರ್ಮ್ಯಾಟ್ ಏನೂ ಮಾಡಲಾರದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವೈಫೈ ಕಾರ್ಡ್ ಎಂಬುದು ಮದರ್‌ಬೋರ್ಡಿಗೆ ಚುಚ್ಚಿದ ಪುಟ್ಟ ಹಲಗೆ. ಅದರ ಅಂಚಿನ ಚಿನ್ನದ ಬಣ್ಣದ ಪಿನ್ನುಗಳಲ್ಲಿ ಒಂದಕ್ಕೆ ರೇಡಿಯೋ ಆಫ್ ಮಾಡುವುದಷ್ಟೇ ಕೆಲಸ. ಹಳೆಯ ಮಿನಿ ಪಿಸಿಐಇ ಕಾರ್ಡುಗಳಲ್ಲಿ ಅದು 20ನೇ ಪಿನ್, ಈಗಿನ ಎಂ.2 ಕಾರ್ಡುಗಳಲ್ಲಿ 56ನೇ ಪಿನ್. ಲ್ಯಾಪ್‌ಟಾಪ್‌ನ ಸ್ವಿಚ್ ಸರಿಸಿದಾಗ ಆ ಪಿನ್ನಿನ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ಕಾರ್ಡ್ ತಾನಾಗಿಯೇ ರೇಡಿಯೋ ನಿಲ್ಲಿಸುತ್ತದೆ. ವಿಂಡೋಸ್‌ಗೆ "ಆಫ್ ಆಗಿದೆ" ಎಂದು ತಿಳಿಯುತ್ತದೆಯೇ ಹೊರತು ಆನ್ ಮಾಡುವ ಅಧಿಕಾರ ಇಲ್ಲ. ಡಿಸ್ಕನ್ನು ಹತ್ತು ಸಲ ಅಳಿಸಿ ಬರೆದರೂ ಆ ಪಿನ್ನಿಗೆ ಗೊತ್ತೇ ಆಗುವುದಿಲ್ಲ.

ಫಾರ್ಮ್ಯಾಟ್‌ನಿಂದ ಕೆಲವೊಮ್ಮೆ ತೊಂದರೆ ಹೆಚ್ಚುವುದೂ ಉಂಟು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಜಾರುವ ಸ್ವಿಚ್ ಇಲ್ಲ, ಕೀಬೋರ್ಡಿನ ಮೇಲುಸಾಲಿನಲ್ಲಿ ವಿಮಾನದ ಇಲ್ಲವೇ ಆಂಟೆನಾದ ಚಿತ್ರವಿರುವ ಒಂದು ಕೀ ಇರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಆ ಕೀ ಕೆಲಸ ಮಾಡಲು ಕಂಪನಿಯದೇ ಒಂದು ಪುಟ್ಟ ಡ್ರೈವರ್ ಬೇಕು, ಎಚ್‌ಪಿಯಲ್ಲಿ ಅದರ ಹೆಸರು `HP Wireless Button Driver`. ಫಾರ್ಮ್ಯಾಟ್ ಮಾಡಿದಾಗ ಅದೂ ಹೋಗುತ್ತದೆ. ಆಗ ಕೀ ಒತ್ತಿದರೂ ಏನೂ ಆಗುವುದಿಲ್ಲ. ಡ್ರೈವರ್ ಇಳಿಸಿಕೊಳ್ಳೋಣವೆಂದರೆ ನೆಟ್ ಇಲ್ಲ. ವಿಂಡೋಸ್ 11 ಹೋಮ್ ಆದರೆ `Let's connect you to a network` ಎಂಬ ಪರದೆಯಲ್ಲೇ ನಿಂತು, ಇಲ್ಲದ ನೆಟ್‌ವರ್ಕ್ ಕೇಳುತ್ತದೆ.

ನನ್ನ ಅಕ್ಕನ ಮಗಳು ಬಿಇ ಕೊನೆಯ ವರ್ಷದಲ್ಲಿದ್ದಾಗ ಹೀಗೇ ಆಗಿತ್ತು. ಅವಳದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹಳೆಯ ಆಫೀಸ್ ಲ್ಯಾಪ್‌ಟಾಪ್, ವಿಂಡೋಸ್ 10. ಬಸ್ಸಿನಲ್ಲಿ ಹಾಸ್ಟೆಲ್‌ಗೆ ಹೋಗಿ ಬ್ಯಾಗಿನಿಂದ ತೆಗೆದರೆ ವೈಫೈ ಇಲ್ಲ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿದರು, ಬರಲಿಲ್ಲ. ಮತ್ತೊಮ್ಮೆ ಮಾಡಿದರು, ಬರಲಿಲ್ಲ. ವೈಫೈ ಕಾರ್ಡ್ ಸುಟ್ಟಿದೆ ಎಂದರು. D ಡ್ರೈವ್‌ನಲ್ಲಿದ್ದದ್ದು ಉಳಿದಿತ್ತು, ಡೆಸ್ಕ್‌ಟಾಪ್ ಮೇಲಿದ್ದ ಪ್ರಾಜೆಕ್ಟ್ ರಿಪೋರ್ಟ್ ಹೋಗಿತ್ತು. ಆಮೇಲೆ ನನಗೆ ಫೋನ್ ಮಾಡಿ, "ಮಾವ, ಹೊಸ ಕಾರ್ಡ್ ಎಷ್ಟಾಗತ್ತೆ?" ಅಂದಳು.

ಸ್ಟಾರ್ಟ್ ಮೆನುವಿನಲ್ಲಿ `cmd` ಅಂತ ಟೈಪ್ ಮಾಡಿ, ತೆರೆದ ಕಪ್ಪು ಕಿಟಕಿಯಲ್ಲಿ ಇದನ್ನು ಹೊಡಿ ಅಂದೆ:

```
netsh wlan show interfaces
```

ಬಂದದ್ದರ ಕೊನೆಯಲ್ಲಿ ಹೀಗಿತ್ತು:

```
Radio status           : Hardware Off
                         Software On
```

ಈ ಎರಡು ಸಾಲು ಓದಲು ಬಂದರೆ ಅರ್ಧ ರಿಪೇರಿ ಕಲಿತ ಹಾಗೆ. ಅವಳಿಗೆ ಅದನ್ನೇ ಬಿಡಿಸಿ ಹೇಳಿದೆ. ವಿಂಡೋಸ್ ಕಡೆಯಿಂದ ಅಡ್ಡಿಯಿಲ್ಲ, ಏರ್‌ಪ್ಲೇನ್ ಮೋಡ್ ಇಲ್ಲ. ಕಾರ್ಡ್ ಸುಟ್ಟಿಲ್ಲ, ಸುಟ್ಟಿದ್ದರೆ ಇಷ್ಟು ಉತ್ತರವನ್ನೂ ಕೊಡುತ್ತಿರಲಿಲ್ಲ. ಮುಚ್ಚಿರುವುದು ಸ್ವಿಚ್. ಅಂಚಿನ ಸುತ್ತ ಬೆರಳಾಡಿಸಿ ನೋಡು ಅಂದೆ. ಬಲಬದಿಯಲ್ಲಿ ಉಗುರಿನಷ್ಟು ಅಗಲದ ಜಾರುಗುಂಡಿ ಸಿಕ್ಕಿತು. ಬ್ಯಾಗಿನೊಳಗೆ ಚಾರ್ಜರ್ ಉಜ್ಜಿ ಹಿಂದಕ್ಕೆ ಸರಿದಿತ್ತು. ಮುಂದಕ್ಕೆ ತಳ್ಳಿದಳು. ನಾಲ್ಕೈದು ಸೆಕೆಂಡಿಗೆ ಹಾಸ್ಟೆಲ್‌ನ ಎಲ್ಲ ವೈಫೈ ಹೆಸರು ಸಾಲಾಗಿ ಬಂದವು. ಅವಳು ಅತ್ತುಬಿಟ್ಟಳು, ರಿಪೋರ್ಟ್ ನೆನಪಾಗಿ.

ಇನ್ನು ನೀವು ಮಾಡಬೇಕಾದ್ದು. ಮೊದಲು ಟಾಸ್ಕ್‌ಬಾರಿನ ಬಲತುದಿ ನೋಡಿ. ಅಲ್ಲಿ ವಿಮಾನದ ಚಿತ್ರವಿದ್ದರೆ ಅದರ ಮೇಲೆ ಕ್ಲಿಕ್ ಮಾಡಿ `Airplane mode` ಆಫ್ ಮಾಡಿ, ಕೆಲಸ ಮುಗಿಯಿತು. ಕೀಬೋರ್ಡ್ ಒರೆಸುವಾಗ, ಬ್ರೈಟ್‌ನೆಸ್ ಕೀ ಒತ್ತಲು ಹೋಗಿ ಪಕ್ಕದ್ದನ್ನು ಒತ್ತಿದಾಗ ಇದು ಆನ್ ಆಗುತ್ತದೆ. ಕ್ಷಣಕಾಲ ಪರದೆಯ ಮೇಲೊಂದು ಚೌಕ ಬಂದು ಹೋಗುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ.

ವಿಮಾನವಿಲ್ಲ, ಗೋಳದ ಚಿತ್ರವಿದೆ, ವೈಫೈ ಬಟನ್ನೇ ಮಾಯವಾಗಿದೆ ಎಂದರೆ ಮೇಲಿನ ಕಮಾಂಡ್ ಹೊಡೆಯಿರಿ. ಹೊಸ ವಿಂಡೋಸ್ 11ರಲ್ಲಿ ಅದು ಲೊಕೇಶನ್ ಆನ್ ಮಾಡಲು ಹೇಳಬಹುದು, ಮಾಡಿ. `Software Off` ಇದ್ದರೆ ವೈಫೈ ಬಟನ್ನೋ ಏರ್‌ಪ್ಲೇನ್ ಮೋಡೋ. `Hardware Off` ಇದ್ದರೆ ಸ್ವಿಚ್, ಇಲ್ಲವೇ ಮೇಲುಸಾಲಿನ ಕೀ, ಅದೂ ಅಲ್ಲವಾದರೆ, ವಿಂಡೋಸ್ ಶುರುವಾಗುವ ಮೊದಲೇ ತೆರೆಯಬೇಕಾದ ಬಯಾಸ್ ಪರದೆಯೊಳಗಿನ ವೈರ್‌ಲೆಸ್ ಸೆಟ್ಟಿಂಗ್. `There is no wireless interface on the system` ಎಂದು ಬಂದರೆ ಅಡಾಪ್ಟರ್ ಡಿಸೇಬಲ್ ಆಗಿರುವ ಸಂಭವ ಹೆಚ್ಚು. ಆಗ ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ `ncpa.cpl` ಎಂದು ಬರೆದು ಎಂಟರ್ ಕೊಡಿ. ವೈಫೈ ಚಿತ್ರ ಬೂದು ಬಣ್ಣದಲ್ಲಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ `Enable` ಒತ್ತಿ. ಡಿವೈಸ್ ಮ್ಯಾನೇಜರ್‌ನಲ್ಲಿ ಇದೇ ಸ್ಥಿತಿ `Code 22` ಎಂದು ಕಾಣುತ್ತದೆ, ಹೆಸರಿನ ಪಕ್ಕ ಕೆಳಮುಖ ಬಾಣ ಇರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲೂ ವೈಫೈ ಕಾರ್ಡಿನ ಸುಳಿವೇ ಇಲ್ಲದಿದ್ದರೆ ಮಾತ್ರ ಡ್ರೈವರ್, ಸಡಿಲವಾದ ಕಾರ್ಡ್, ಸತ್ತ ಕಾರ್ಡ್ ಇವುಗಳ ಮಾತು. ಆಗ ಅಂಗಡಿಗೆ ಹೋಗಿ, ಆದರೆ ಬಿಚ್ಚಿ ಕಾರ್ಡ್ ನೋಡಿ ಎಂದು ಹೇಳಿ.

ಲಿನಕ್ಸ್ ಬಳಸುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗುತ್ತದೆ. `rfkill list` ಎಂದರೆ `Soft blocked`, `Hard blocked` ಎಂದು ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. `rfkill unblock all` ಮೊದಲನೆಯದನ್ನು ಮಾತ್ರ ಬಿಡಿಸುತ್ತದೆ.

ಅಂಗಡಿಗೆ ಓಡುವ ಮೊದಲು ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದು ರೇಡಿಯೋ ಮೂಲಕ ಹೋಗುವುದಿಲ್ಲ, ತಂತಿಯ ಮೂಲಕ ಹೋಗುತ್ತದೆ. ಹಾಗಾಗಿ ಏರ್‌ಪ್ಲೇನ್ ಮೋಡ್‌ಗೂ ಸ್ವಿಚ್‌ಗೂ ಇದನ್ನು ತಡೆಯಲಾಗುವುದಿಲ್ಲ, ಲ್ಯಾನ್ ಕೇಬಲ್‌ನ ಹಾಗೆಯೇ. ಟೆದರಿಂಗ್‌ನಲ್ಲಿ ಪುಟಗಳು ತೆರೆದರೆ ನಿಮ್ಮ ವಿಂಡೋಸ್‌ನ ನೆಟ್‌ವರ್ಕ್ ಭಾಗ ನೆಟ್ಟಗಿದೆ ಎಂದೇ ಅರ್ಥ. ಫಾರ್ಮ್ಯಾಟ್ ಎಂದವರಿಗೆ ಅದನ್ನು ತೋರಿಸಿ. ಡ್ರೈವರ್ ಇಳಿಸಿಕೊಳ್ಳಲೂ ಇದೇ ದಾರಿ.

ಈ ಸ್ವಿಚ್ಚನ್ನು ಯಾಕಾದರೂ ಇಟ್ಟರು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2003ರಲ್ಲಿ ಇಂಟೆಲ್‌ನ ಸೆಂಟ್ರಿನೋ ಬಂದ ಮೇಲೆ ವೈಫೈ ಲ್ಯಾಪ್‌ಟಾಪ್‌ನ ಒಳಗೇ ಸೇರುವುದು ಮಾಮೂಲಾಯಿತು. ಅದಕ್ಕೆ ಮೊದಲು ಬಹುತೇಕರು ಬದಿಯಲ್ಲಿ ಕಾರ್ಡ್ ಸಿಕ್ಕಿಸಿಕೊಳ್ಳುತ್ತಿದ್ದರು, ಬೇಡವಾದಾಗ ಕಿತ್ತರಾಯಿತು. ಒಳಗೆ ಸೇರಿದ ರೇಡಿಯೋವನ್ನು ಕೀಳುವುದೆಲ್ಲಿ? ವಿಮಾನದಲ್ಲಿ, ರೇಡಿಯೋ ನಿಷೇಧವಿರುವ ಕಡೆಗಳಲ್ಲಿ ಪರದೆ ತೆರೆಯದೆಯೇ ಆಫ್ ಆಗಿದೆ ಎಂದು ಕಣ್ಣಾರೆ ತಿಳಿಯಬೇಕಿತ್ತು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ನಂಥ ಆಫೀಸ್ ಲ್ಯಾಪ್‌ಟಾಪ್‌ಗಳ ಅಂಚಿಗೆ ಜಾರುಗುಂಡಿ ಬಂದದ್ದು ಹೀಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಥದ್ದನ್ನು ಕೊಂಡರೆ ಮೊದಲ ದಿನವೇ ಆ ಗುಂಡಿ ಎಲ್ಲಿದೆ ಎಂದು ಹುಡುಕಿಟ್ಟುಕೊಳ್ಳಿ. ಗುಂಡಿಯೇ ಮುರಿದಿದ್ದರೆ, ತಿಳಿದ ಮೆಕ್ಯಾನಿಕ್‌ಗಳು ಹಳೆಯ ಕಾರ್ಡಿನ ಆ 20ನೇ ಪಿನ್ನಿನ ಮೇಲೆ ಸಣ್ಣ ಟೇಪ್ ಅಂಟಿಸಿ ಸ್ವಿಚ್‌ನ ಸಂಪರ್ಕ ತಪ್ಪಿಸುತ್ತಾರೆ. ಪಕ್ಕದ ಪಿನ್ನಿಗೆ ತಾಗಿದರೆ ಕಷ್ಟ, ಹಾಗಾಗಿ ಇದನ್ನು ಮನೆಯಲ್ಲಿ ಮಾಡಬೇಡಿ.

ಏರ್‌ಪ್ಲೇನ್ ಮೋಡ್ ಆನ್ ಇಟ್ಟುಕೊಂಡೇ ವೈಫೈ ಒಂದನ್ನು ಮತ್ತೆ ಆನ್ ಮಾಡಬಹುದು, ವಿಮಾನದೊಳಗೆ ವೈಫೈ ಕೊಡುವ ಕಾಲ ಇದು, ಅದಕ್ಕಾಗಿ. ಆಗ ನೆಟ್ ಬರುತ್ತಿರುತ್ತದೆ, ಬ್ಲೂಟೂತ್ ಮಾತ್ರ ಸತ್ತಿರುತ್ತದೆ. ಮುಂದಿನ ವಾರ ನಿಮ್ಮಲ್ಲೇ ಯಾರೋ ಒಬ್ಬರು "ವೈಫೈ ಬರ್ತಿದೆ, ಆದ್ರೆ ಬ್ಲೂಟೂತ್ ಮೌಸ್ ಕೆಟ್ಟಿದೆ" ಎಂದು ಬರೆಯುತ್ತೀರಿ. ಮೌಸ್ ಬದಲಿಸುವ ಮೊದಲು ಏರ್‌ಪ್ಲೇನ್ ಮೋಡ್ ನೋಡಿ.